ಅರ್ಧದಷ್ಟು ಪ್ರಶ್ನೆಗಳಲ್ಲಿ ಅದೇ ಅಳತೆ: ಅಡಾಪ್ಟಿವ್ ಪರೀಕ್ಷೆ ನಡೆದುಬಂದ ಹಾದಿ

ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಅಮೆರಿಕದಲ್ಲಿ ನರ್ಸ್ ಆಗಬಯಸುವವರು ಎನ್‌ಕ್ಲೆಕ್ಸ್ ಪರೀಕ್ಷೆ ಬರೆಯಲೇಬೇಕು. ಅದೇ ಪರೀಕ್ಷೆಗೆ ಒಟ್ಟಿಗೆ ಕೂತ ಇಬ್ಬರಲ್ಲಿ ಒಬ್ಬರ ಕಂಪ್ಯೂಟರ್ ಬೇಗನೆ ನಿಂತುಬಿಡುತ್ತದೆ, ಇನ್ನೊಬ್ಬರದು ಗಂಟೆಗಟ್ಟಲೆ ಪ್ರಶ್ನೆ ಕೇಳುತ್ತಲೇ ಇರುತ್ತದೆ. ಬೇಗ ನಿಂತರೆ ಪಾಸು, ತಡವಾದರೆ ಫೇಲು ಎಂಬ ನಂಬಿಕೆ ಅಭ್ಯರ್ಥಿಗಳಲ್ಲಿದೆ. ಎರಡೂ ನಿಜವಲ್ಲ. ಪರೀಕ್ಷೆ ಚಿಕ್ಕದಾಗುವುದಕ್ಕೆ ಬೇರೆಬೇರೆ ಎರಡು ಕಾರಣಗಳಿವೆ. ಮೊದಲನೆಯದು ಮುಂದಿನ ಪ್ರಶ್ನೆಯನ್ನು ಆರಿಸುವ ರೀತಿ, ಎರಡನೆಯದು ಎಲ್ಲಿ ನಿಲ್ಲಬೇಕೆಂಬ ನಿಯಮ. ಇವು ಹುಟ್ಟಿದ್ದೂ ಬೇರೆಬೇರೆ ಕಡೆ. ಇವನ್ನು ಬಿಡಿಸಿ ನೋಡದೆ ಈ ಪರೀಕ್ಷೆಗಳ ಇತಿಹಾಸ ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ.

ಉತ್ತರ ನೋಡಿಕೊಂಡು ಮುಂದಿನ ಪ್ರಶ್ನೆ ಕೇಳುವ ಕ್ರಮ ಕಂಪ್ಯೂಟರಿಗಿಂತ ಹಳೆಯದು. ಪ್ಯಾರಿಸ್‌ನಲ್ಲಿ ಆಲ್ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ 1905ರಲ್ಲಿ ಮಕ್ಕಳ ಬುದ್ಧಿಮಾಪಕವನ್ನು ರೂಪಿಸಿದರು; 1908ರ ಪರಿಷ್ಕರಣೆಯಲ್ಲಿ ಪ್ರಶ್ನೆಗಳನ್ನು ವಯಸ್ಸಿಗೆ ತಕ್ಕಂತೆ ಗುಂಪು ಮಾಡಿದರು. ಇದರಿಂದ ಮಗುವಿನ ಮಟ್ಟಕ್ಕೆ ಹತ್ತಿರವಾದ ಗುಂಪಿನಿಂದ ಆರಂಭಿಸಿ, ಉತ್ತರಗಳನ್ನು ನೋಡಿ ಮೇಲಿನ ಅಥವಾ ಕೆಳಗಿನ ವಯಸ್ಸಿನ ಗುಂಪಿಗೆ ಹೋಗುವುದು ಸಾಧ್ಯವಾಯಿತು. ಒಂದು ಮಗುವಿಗೆ ಒಬ್ಬ ಪರೀಕ್ಷಕ ಇದ್ದಾಗ ಇದು ನಡೆಯಿತು. ಆದರೆ ಒಂದನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ 17 ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಗಿ ಬಂದಾಗ ಎಲ್ಲರಿಗೂ ಒಂದೇ ಮುದ್ರಿತ ಪತ್ರಿಕೆ ಎಂಬ ಪದ್ಧತಿ ನೆಲೆಯೂರಿತು. ನಮ್ಮ ಸಿಇಟಿಯಲ್ಲಿ ಭೌತಶಾಸ್ತ್ರದ 60 ಪ್ರಶ್ನೆಗಳನ್ನು ಎಲ್ಲರೂ ಬಿಡಿಸುವುದು ಆ ಪದ್ಧತಿಯ ಮುಂದುವರಿಕೆಯೇ.

ಒಂದೇ ಪತ್ರಿಕೆಯ ತೊಂದರೆ ಏನೆಂಬುದನ್ನು ಲೆಕ್ಕ ಹಾಕಿ ತೋರಿಸಲು ಪರೀಕ್ಷಾ ಶಾಸ್ತ್ರಕ್ಕೆ ಹೊಸ ಗಣಿತ ಬೇಕಾಯಿತು. ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್‌ನಲ್ಲಿದ್ದ ಫ್ರೆಡರಿಕ್ ಲಾರ್ಡ್ 1952ರಲ್ಲಿ, ಡೆನ್ಮಾರ್ಕಿನ ಗಣಿತಜ್ಞ ಗಿಯೋರ್ಗ್ ರಾಶ್ 1960ರಲ್ಲಿ, ವ್ಯಕ್ತಿಯ ಸಾಮರ್ಥ್ಯವನ್ನೂ ಪ್ರಶ್ನೆಯ ಕಠಿಣತೆಯನ್ನೂ ಒಂದೇ ಅಳತೆಗೋಲಿನ ಮೇಲೆ ಗುರುತಿಸುವ ಸೂತ್ರಗಳನ್ನು ಮಂಡಿಸಿದರು. ರಾಶ್ ಸೂತ್ರ ಹೆಚ್ಚು ಸರಳ. ವ್ಯಕ್ತಿಯ ಸಾಮರ್ಥ್ಯ θ, ಪ್ರಶ್ನೆಯ ಕಠಿಣತೆ b ಆದರೆ ಸರಿಯುತ್ತರದ ಸಂಭವ ಹೀಗಿರುತ್ತದೆ:

P = 1 / (1 + e^−(θ−b))

ಎರಡೂ ಸಮವಾಗಿದ್ದರೆ ಸಂಭವ ಅರ್ಧ. ಸಾಮರ್ಥ್ಯ ಮೇಲಿದ್ದಷ್ಟೂ ಅದು 1ರ ಕಡೆಗೆ, ಕೆಳಗಿದ್ದಷ್ಟೂ 0ಯ ಕಡೆಗೆ ಸರಿಯುತ್ತದೆ. ಈ ಅಳತೆಗೋಲಿನ ಏಕಮಾನವನ್ನು ಲಾಜಿಟ್ ಎನ್ನುತ್ತಾರೆ. ಮುಂದಿನ ಹೆಜ್ಜೆ ಅಲನ್ ಬರ್ನ್‌ಬಾಮ್ ಅವರದು. ಒಂದು ಪ್ರಶ್ನೆಯಿಂದ ಎಷ್ಟು ಮಾಹಿತಿ ಸಿಗುತ್ತದೆ ಎಂಬುದನ್ನೇ ಅವರು ಅಳೆಯಬಹುದಾದ ಪ್ರಮಾಣವನ್ನಾಗಿ ಮಾಡಿದರು. 1968ರಲ್ಲಿ ಲಾರ್ಡ್ ಮತ್ತು ಮೆಲ್ವಿನ್ ನೋವಿಕ್ ಅವರ ಗ್ರಂಥದಲ್ಲಿ ಅವರ ಅಧ್ಯಾಯಗಳು ಪ್ರಕಟವಾದವು. ರಾಶ್ ಸೂತ್ರದಲ್ಲಿ ಆ ಪ್ರಮಾಣ P(1−P) ಮಾತ್ರ. ಸಂಭವ ಅರ್ಧವಿದ್ದಾಗ ಅದು 0.25, ಇದೇ ಅದರ ಗರಿಷ್ಠ. ಹತ್ತರಲ್ಲಿ ಒಂಬತ್ತು ಸಲ ಸರಿಯುತ್ತರ ಬರುವಂಥ ಸುಲಭ ಪ್ರಶ್ನೆಯಲ್ಲಿ ಅದು 0.09ಕ್ಕೆ ಇಳಿಯುತ್ತದೆ.

ಪರೀಕ್ಷೆ ಚಿಕ್ಕದಾಗುವ ಮೊದಲ ಕಾರಣ ಇಲ್ಲಿದೆ. ಅಳತೆಯಲ್ಲಿನ ಅನಿಶ್ಚಿತತೆ, ಅಂದರೆ ಪ್ರಮಾಣಿತ ದೋಷ, ಒಟ್ಟು ಮಾಹಿತಿಯ ವರ್ಗಮೂಲಕ್ಕೆ ವಿಲೋಮವಾಗಿರುತ್ತದೆ. ಅಭ್ಯರ್ಥಿಯ ಮಟ್ಟಕ್ಕೆ ಸರಿಹೊಂದುವ 25 ಪ್ರಶ್ನೆ ಕೇಳಿದರೆ ಒಟ್ಟು ಮಾಹಿತಿ 6.25, ದೋಷ 0.4 ಲಾಜಿಟ್. ಅದೇ ಅಭ್ಯರ್ಥಿಗೆ ಆ ಸುಲಭ ಪ್ರಶ್ನೆಗಳನ್ನೇ ಕೊಟ್ಟರೆ ಅಷ್ಟೇ ನಿಖರತೆ ಬರಲು 70 ಪ್ರಶ್ನೆ ಬೇಕು. ಜಾಣ ವಿದ್ಯಾರ್ಥಿ ಸುಲಭ ಪ್ರಶ್ನೆಗೆ ಸರಿಯುತ್ತರ ಕೊಡುತ್ತಾನೆಂಬುದು ಮೊದಲೇ ಗೊತ್ತಿದ್ದ ಸಂಗತಿ. ಅದನ್ನು ಮತ್ತೆ ಮತ್ತೆ ಕೇಳಿದರೆ ಸಮಯ ಹೋಗುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ತೀರ ಕಠಿಣ ಪ್ರಶ್ನೆಯನ್ನು ಹಿಂದುಳಿದ ವಿದ್ಯಾರ್ಥಿಗೆ ಕೇಳಿದಾಗಲೂ ಹೀಗೆಯೇ.

ಆಯ್ಕೆ ಹೇಗೆ ನಡೆಯುತ್ತದೆಂಬುದನ್ನು ನಾಲ್ಕು ಪ್ರಶ್ನೆಗಳಲ್ಲಿ ನೋಡೋಣ. ಅಭ್ಯರ್ಥಿಯ ಬಗ್ಗೆ ಏನೂ ಗೊತ್ತಿಲ್ಲ. ಹಾಗಾಗಿ ಅವಳು ಸರಾಸರಿ ಮಟ್ಟದವಳು, ಅಂದಾಜು 0, ದೋಷ 1 ಎಂದು ಇಟ್ಟುಕೊಳ್ಳುತ್ತೇವೆ. ಈ ಆರಂಭದ ಊಹೆ ಬೇಕೇ ಬೇಕು. ಇಲ್ಲದಿದ್ದರೆ ಮೊದಲ ಉತ್ತರ ಸರಿಯಾದ ಕೂಡಲೇ ಅಂದಾಜು ಅನಂತಕ್ಕೆ ಜಿಗಿಯುತ್ತದೆ, ಏಕೆಂದರೆ ಬರೀ ಸರಿಯುತ್ತರಗಳ ಸಾಲಿಗೆ ಗಣಿತದಲ್ಲಿ ಮೇಲಿನ ಮಿತಿಯಿಲ್ಲ. ಪ್ರಶ್ನೆಭಂಡಾರದಿಂದ ಕಠಿಣತೆ 0 ಇರುವ ಪ್ರಶ್ನೆ ಬರುತ್ತದೆ. ಉತ್ತರ ಸರಿ; ಅಂದಾಜು 0.40ಕ್ಕೆ ಏರುತ್ತದೆ. ಮುಂದಿನ ಪ್ರಶ್ನೆಯ ಕಠಿಣತೆ 0.40. ಅದೂ ಸರಿ, ಅಂದಾಜು 0.74. ಈಗ 0.74 ಕಠಿಣತೆಯ ಪ್ರಶ್ನೆ. ಉತ್ತರ ತಪ್ಪು, ಅಂದಾಜು 0.45ಕ್ಕೆ ಇಳಿಯುತ್ತದೆ. ಆ ಮಟ್ಟದ ನಾಲ್ಕನೆಯ ಪ್ರಶ್ನೆಗೆ ಉತ್ತರ ಸರಿ, ಅಂದಾಜು 0.70. ಪ್ರತಿ ಸಲವೂ ಹಿಂದಿನ ಎಲ್ಲ ಉತ್ತರಗಳನ್ನು ಸೇರಿಸಿ ಹೊಸದಾಗಿ ಲೆಕ್ಕ ಹಾಕಲಾಗುತ್ತದೆ, ಕೊನೆಯ ಉತ್ತರವನ್ನು ಮಾತ್ರವಲ್ಲ. ಹೆಜ್ಜೆಗಳು ಹೇಗೆ ಚಿಕ್ಕದಾದವು ನೋಡಿ: 0.40, 0.34, 0.29, 0.25. ದೋಷ 1ರಿಂದ 0.71ಕ್ಕೆ ಬಂದಿದೆ. ಅದು 0.3 ಆಗುವವರೆಗೆ ಮುಂದುವರಿಸಬೇಕಾದರೆ ಸುಮಾರು 41 ಪ್ರಶ್ನೆ ಬೇಕಾಗುತ್ತದೆ. ಪ್ರತಿ ಪ್ರಶ್ನೆಯೂ ಅಭ್ಯರ್ಥಿಯ ಮಟ್ಟಕ್ಕೆ ತಕ್ಕಂತೆ ಬರುವುದರಿಂದ ಜಾಣರೂ ಸಾಧಾರಣರೂ ಹೆಚ್ಚುಕಡಿಮೆ ಅರ್ಧದಷ್ಟು ಪ್ರಶ್ನೆಗಳನ್ನಷ್ಟೇ ಸರಿಮಾಡುತ್ತಾರೆ. ಅಂಕ ಬರುವುದು ಎಷ್ಟು ಸರಿ ಎಂಬುದರಿಂದಲ್ಲ, ಯಾವ ಮಟ್ಟದ ಪ್ರಶ್ನೆಗಳಲ್ಲಿ ಅರ್ಧ ಸರಿ ಎಂಬುದರಿಂದ. ಪರೀಕ್ಷೆ ಮುಗಿಸಿ ಹೊರಬಂದವರಿಗೆ ತಾವು ಕೆಟ್ಟದಾಗಿ ಬರೆದೆವೆನಿಸುವುದು ಇದಕ್ಕೇ.

ಆದರೆ ಈ ಲಾಭ ಎಲ್ಲರಿಗೂ ಒಂದೇ ಸಮವಲ್ಲ. ಇದನ್ನು ಮೊದಲು ನಿಷ್ಠುರವಾಗಿ ಹೇಳಿದವರು ಲಾರ್ಡ್ ಅವರೇ. 1970ರ ಸುಮಾರಿಗೆ ಅವರು ಮಾಡಿದ ಲೆಕ್ಕಗಳ ಪ್ರಕಾರ, ಎಲ್ಲ ಪ್ರಶ್ನೆಗಳನ್ನೂ ಮಧ್ಯಮ ಮಟ್ಟದಲ್ಲಿಟ್ಟು ಚೆನ್ನಾಗಿ ಹೆಣೆದ ಸಾಮಾನ್ಯ ಪತ್ರಿಕೆ ಮಧ್ಯಮ ವಿದ್ಯಾರ್ಥಿಯನ್ನು ಅಡಾಪ್ಟಿವ್ ಪರೀಕ್ಷೆಯಷ್ಟೇ ಚೆನ್ನಾಗಿ ಅಳೆಯುತ್ತದೆ. ಅವನಿಗೆ ಆ ಪತ್ರಿಕೆಯ ಪ್ರತಿ ಪ್ರಶ್ನೆಯೂ ಸರಿಹೊಂದುವುದರಿಂದ ಇದು ಸಹಜವೇ. ನಿಜವಾದ ಉಳಿತಾಯ ತೀರ ಮುಂದಿರುವವರಿಗೆ ಮತ್ತು ತೀರ ಹಿಂದಿರುವವರಿಗೆ. ಸಾಮರ್ಥ್ಯದಲ್ಲಿ ಅಜಗಜಾಂತರವಿರುವ ಲಕ್ಷಾಂತರ ಜನರನ್ನು ಒಂದೇ ಅಳತೆಗೋಲಿನಲ್ಲಿ ಅಳೆಯಬೇಕಾದ ಅಮೆರಿಕದ ಸೇನೆ ಈ ವಿಧಾನಕ್ಕೆ ಹಣ ಹೂಡಿದ್ದು ಆಕಸ್ಮಿಕವಲ್ಲ. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಡೇವಿಡ್ ವೈಸ್ 1970ರ ದಶಕದಲ್ಲಿ ನಡೆಸಿದ ಪ್ರಯೋಗಗಳಿಗೆ ನೌಕಾದಳದ ಸಂಶೋಧನಾ ಕಚೇರಿಯ ನೆರವಿತ್ತು. 1990ರಲ್ಲಿ ಕೆಲವು ಕೇಂದ್ರಗಳಲ್ಲಿ ಸೇನಾ ನೇಮಕಾತಿಯ ಅಡಾಪ್ಟಿವ್ ಪರೀಕ್ಷೆ ಬಳಕೆಗೆ ಬಂತು. ಕಾಗದದ ಪತ್ರಿಕೆಯಲ್ಲಿ ಶಬ್ದಜ್ಞಾನಕ್ಕೆ 35, ಅಂಕಗಣಿತಕ್ಕೆ 30 ಪ್ರಶ್ನೆಗಳಿದ್ದರೆ, ಕಂಪ್ಯೂಟರಿನಲ್ಲಿ ಎರಡಕ್ಕೂ 16 ಸಾಕಾದವು.

ಗಮನಿಸಿ, ಇಲ್ಲಿ ಪ್ರಶ್ನೆಗಳ ಸಂಖ್ಯೆ ಎಲ್ಲರಿಗೂ ಒಂದೇ. ಉಳಿತಾಯವೆಲ್ಲ ಆಯ್ಕೆಯಿಂದ ಬಂದದ್ದು. ನಿಲ್ಲುವ ನಿಯಮದ ಮೂಲ ಬೇರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರಕು ತಪಾಸಣೆಗಾಗಿ ಏಬ್ರಹಾಂ ವಾಲ್ಡ್ ಒಂದು ವಿಧಾನ ಕಂಡುಹಿಡಿದರು: ಮಾದರಿಗಳನ್ನು ಒಂದೊಂದಾಗಿ ನೋಡುತ್ತ ಹೋಗು, ತೀರ್ಮಾನಕ್ಕೆ ಸಾಕಷ್ಟು ಸಾಕ್ಷ್ಯ ಸಿಕ್ಕಿದ ಕ್ಷಣ ನಿಲ್ಲಿಸು. ಭಾರತ ಪ್ರವಾಸಕ್ಕೆ ಬಂದಿದ್ದ ವಾಲ್ಡ್ 1950ರ ಡಿಸೆಂಬರಿನಲ್ಲಿ ನೀಲಗಿರಿಯಲ್ಲಿ ವಿಮಾನ ಅಪಘಾತಕ್ಕೆ ಬಲಿಯಾದರು. ಅವರ ಈ ಆಲೋಚನೆಯೇ ಮುಂದೆ ಪಾಸು–ಫೇಲು ನಿರ್ಧರಿಸುವ ಪರೀಕ್ಷೆಗಳಿಗೆ ಒದಗಿತು.

1994ರ ಏಪ್ರಿಲ್‌ನಲ್ಲಿ ಅಡಾಪ್ಟಿವ್ ಆದ ಎನ್‌ಕ್ಲೆಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೂ ಮುಂಚೆ ಅದು ವರ್ಷಕ್ಕೆರಡೇ ಸಲ ನಡೆಯುವ ಎರಡು ದಿನದ ಲಿಖಿತ ಪರೀಕ್ಷೆಯಾಗಿತ್ತು. ಹೊಸ ಕ್ರಮದಲ್ಲಿ ಕನಿಷ್ಠ 75, ಗರಿಷ್ಠ 265 ಪ್ರಶ್ನೆ. ಇವುಗಳಲ್ಲಿ 15 ಪ್ರಾಯೋಗಿಕ, ಅವಕ್ಕೆ ಅಂಕವಿಲ್ಲ. ಕನಿಷ್ಠ ಹಂತ ಮುಟ್ಟಿದಾಗ ಲೆಕ್ಕಕ್ಕೆ ಬರುವ 60 ಪ್ರಶ್ನೆಗಳಿಂದ ದೋಷ ಹೆಚ್ಚೆಂದರೆ 0.26ರವರೆಗೆ ಇಳಿದಿರುತ್ತದೆ. ಅಭ್ಯರ್ಥಿಯ ಅಂದಾಜು ಉತ್ತೀರ್ಣ ರೇಖೆಯಿಂದ ಎಷ್ಟು ದೂರವಿದೆಯೆಂದರೆ ತೀರ್ಮಾನ ಸರಿಯೆಂದು 95% ವಿಶ್ವಾಸದಿಂದ ಹೇಳಬಹುದು ಎಂದಾದರೆ ಕಂಪ್ಯೂಟರ್ ಅಲ್ಲೇ ನಿಲ್ಲುತ್ತದೆ. ಆ ಅಂದಾಜು ರೇಖೆಯ ಮೇಲೂ ಇರಬಹುದು, ಕೆಳಗೂ ಇರಬಹುದು. ಬೇಗ ನಿಂತಿತೆಂಬುದರಿಂದ ಫಲಿತಾಂಶ ತಿಳಿಯುವುದಿಲ್ಲ. ರೇಖೆಗೆ ಹತ್ತಿರವಿದ್ದವರಿಗೆ ಮಾತ್ರ ಪರೀಕ್ಷೆ ಮುಂದುವರಿಯುತ್ತದೆ. ಅಂಕವಿರುವ 250 ಪ್ರಶ್ನೆಗಳೂ ಮುಗಿದಾಗ ದೋಷ 0.13. ನಾಲ್ಕು ಪಟ್ಟಿಗೂ ಹೆಚ್ಚು ಪ್ರಶ್ನೆ ಕೇಳಿದರೂ ದೋಷ ಅರ್ಧವಾಯಿತಷ್ಟೆ. ವರ್ಗಮೂಲದ ಬಿಗಿ ಅಂಥದ್ದು.

ಅಡಾಪ್ಟಿವ್ ಪರೀಕ್ಷೆಗಳು ಎಡವಿದ್ದು ಹೆಚ್ಚಾಗಿ ಪ್ರಶ್ನೆಭಂಡಾರದಲ್ಲಿ. ಅತಿ ಹೆಚ್ಚು ಮಾಹಿತಿ ಕೊಡುವ ಪ್ರಶ್ನೆಯನ್ನೇ ಪ್ರತಿ ಸಲ ಆರಿಸಿದರೆ ಕೆಲವೇ ಪ್ರಶ್ನೆಗಳು ಎಲ್ಲರ ಮುಂದೆಯೂ ಬರುತ್ತವೆ, ಉಳಿದವು ಮೂಲೆ ಸೇರುತ್ತವೆ. 1993ರಲ್ಲಿ ಜಿಆರ್‌ಇ ಅಡಾಪ್ಟಿವ್ ಆಯಿತು. ಮರುವರ್ಷವೇ ತರಬೇತಿ ಸಂಸ್ಥೆ ಕಪ್ಲಾನ್‌ನ ಸಿಬ್ಬಂದಿ ಪರೀಕ್ಷೆಗೆ ಕೂತು, ನೆನಪಿಟ್ಟುಕೊಂಡ ಪ್ರಶ್ನೆಗಳನ್ನು ಪರೀಕ್ಷಾ ಸಂಸ್ಥೆಯ ಮುಂದಿಟ್ಟಿತು. ಪರೀಕ್ಷಾ ಸಂಸ್ಥೆ ಪರೀಕ್ಷಾ ದಿನಗಳನ್ನು ಕಡಿತಗೊಳಿಸಿ ಕಪ್ಲಾನ್ ಮೇಲೆ ಮೊಕದ್ದಮೆ ಹೂಡಿತು. ಸಿಂಪ್ಸನ್ ಮತ್ತು ಹೆಟರ್ 1985ರಲ್ಲೇ ಇದಕ್ಕೊಂದು ಉಪಾಯ ಸೂಚಿಸಿದ್ದರು. ಆಯ್ಕೆಯಾದ ಪ್ರಶ್ನೆಯನ್ನು ತಕ್ಷಣ ಕೇಳದೆ, ಅದಕ್ಕೆ ಮೊದಲೇ ಗೊತ್ತುಮಾಡಿದ ಸಂಭವದಂತೆ ಕೆಲವು ಸಲ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗುವುದು ಅದರ ತಿರುಳು. ಹೀಗೆ ಮಾಡಿದಾಗ ಎರಡನೆಯ ಆಯ್ಕೆಯ ಪ್ರಶ್ನೆ ಬರುವುದರಿಂದ ಪರೀಕ್ಷೆ ತುಸು ಉದ್ದವಾಗುತ್ತದೆ. ಗೋಪ್ಯತೆಗೆ ತೆರಬೇಕಾದ ಬೆಲೆ ಇದು.

ಇಂಥ ಪರೀಕ್ಷೆಗಳಲ್ಲಿ ಹಿಂದಿನ ಪ್ರಶ್ನೆಗೆ ಮರಳಲು ಬಿಡದಿರುವುದಕ್ಕೂ ಕಾರಣವಿದೆ. ಹೋವರ್ಡ್ ವೇಯ್ನರ್ 1993ರಲ್ಲಿ ತೋರಿಸಿದಂತೆ, ಮರಳಲು ಅವಕಾಶವಿದ್ದರೆ ಚತುರ ಅಭ್ಯರ್ಥಿ ಬೇಕೆಂದೇ ತಪ್ಪುತ್ತರ ಕೊಟ್ಟು ಸುಲಭ ಪ್ರಶ್ನೆಗಳನ್ನೇ ತರಿಸಿಕೊಂಡು, ಕೊನೆಗೆ ಎಲ್ಲವನ್ನೂ ಸರಿಪಡಿಸಬಹುದು. ಆಗ ಬರೀ ಸರಿಯುತ್ತರಗಳ ಸಾಲು ಉಳಿಯುತ್ತದೆ, ಅಂದಾಜು ಮೇಲಕ್ಕೆ ಹಾರುತ್ತದೆ. 2011ರಲ್ಲಿ ಜಿಆರ್‌ಇ ಒಂದೊಂದು ಪ್ರಶ್ನೆಯ ಬದಲು ಇಡೀ ವಿಭಾಗವನ್ನೇ ಹೊಂದಿಸುವ ಕ್ರಮಕ್ಕೆ ಬಂದು, ವಿಭಾಗದೊಳಗೆ ಉತ್ತರ ತಿದ್ದಲು ಅವಕಾಶ ಕೊಟ್ಟಿತು. ಹೊಂದಾಣಿಕೆಯ ಸೂಕ್ಷ್ಮತೆ ಕಡಿಮೆಯಾದರೂ ಬರೆಯುವವರಿಗೆ ಇದು ನ್ಯಾಯಯುತವೆಂದೇ ನಾನು ಭಾವಿಸುತ್ತೇನೆ.

ಎನ್‌ಕ್ಲೆಕ್ಸ್ ಬೇರೆ ದಾರಿ ಹಿಡಿಯಿತು. 2023ರ ಏಪ್ರಿಲ್‌ನಿಂದ ಅದರ ಕನಿಷ್ಠ ಮಿತಿ 85, ಗರಿಷ್ಠ 150. ಅಂಕವಿರುವ ಪ್ರಶ್ನೆಗಳು ಹೆಚ್ಚೆಂದರೆ 135. ಹಳೆಯ ಬಗೆಯ ಸರಿ–ತಪ್ಪು ಪ್ರಶ್ನೆಗಳೇ ಆಗಿದ್ದರೆ ರೇಖೆಯ ಬಳಿ ಇರುವವರ ದೋಷ 0.13ರಿಂದ 0.17ಕ್ಕೆ ಏರುತ್ತಿತ್ತು. ಅದನ್ನು ತುಂಬಿಕೊಡಲು ಭಾಗಶಃ ಅಂಕವಿರುವ, ಒಬ್ಬ ರೋಗಿಯ ಪ್ರಕರಣವನ್ನು ಹಂತಹಂತವಾಗಿ ಬಿಡಿಸುವ ಪ್ರಶ್ನೆಗಳಿವೆ. ಇಂಥ ಪ್ರಶ್ನೆಯೊಂದು 0.25ಕ್ಕಿಂತ ಹೆಚ್ಚು ಮಾಹಿತಿ ಕೊಡಬಲ್ಲದು. ಆದರೆ ಗರಿಷ್ಠ ಮಿತಿ ಮುಟ್ಟಿದವರಿಗೆ 95% ವಿಶ್ವಾಸದ ನಿಯಮ ಅನ್ವಯಿಸುವುದಿಲ್ಲ. ಅವರ ಕೊನೆಯ ಅಂದಾಜು ರೇಖೆಯ ಮೇಲಿದೆಯೇ ಕೆಳಗಿದೆಯೇ ಎಂಬುದರ ಮೇಲಷ್ಟೇ ಅವರ ಪಾಸು–ಫೇಲು ನಿರ್ಧಾರವಾಗುತ್ತದೆ.