ಸೀಸೆಯ ಮೇಲಿನ ಅಕ್ಷರ, ಪೀಪಾಯಿಯೊಳಗಿನ ವರ್ಷ

ಗೋವಾದಿಂದ ಅನಮೋಡ ಘಟ್ಟ ಹತ್ತಿ ಜೋಯಿಡಾ ಮಾರ್ಗವಾಗಿ ದಾಂಡೇಲಿಗೆ ಬರುವವರ ಮಾತಿನಲ್ಲಿ ಗೋವಾದ ಮದ್ಯದಂಗಡಿಗಳ ಪ್ರಸ್ತಾಪ ಬಂದೇ ಬರುತ್ತದೆ. ಅದೇ ಬ್ರಾಂದಿ, ಆದರೆ ಒಂದು ಸೀಸೆಯ ಮೇಲೆ ವಿಎಸ್, ಇನ್ನೊಂದರ ಮೇಲೆ ವಿಎಸ್‌ಒಪಿ, ಗಾಜಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ಮತ್ತೊಂದರ ಮೇಲೆ ಎಕ್ಸ್‌ಒ. ಅಕ್ಷರ ಬದಲಾದ ಹಾಗೆ ಬೆಲೆಯೂ ಏರುತ್ತದೆ. ಹಳೆಯದಾದಷ್ಟೂ ರುಚಿ ಹೆಚ್ಚು ಎಂಬುದು ಕೊಳ್ಳುವವರ ನಂಬಿಕೆ. ಈ ಅಕ್ಷರಗಳು ಎಲ್ಲಿಂದ ಬಂದವು, ಏನನ್ನು ಖಾತರಿಪಡಿಸುತ್ತವೆ ಎಂದು ನೋಡಿದರೆ ಆ ನಂಬಿಕೆ ಅರ್ಧ ಮಾತ್ರ ನಿಲ್ಲುತ್ತದೆ.

ಇವು ಹುಟ್ಟಿದ್ದು ಫ್ರಾನ್ಸಿನ ಕೋನ್ಯಾಕ್ ಪ್ರದೇಶದ ವ್ಯಾಪಾರದಲ್ಲಿ. ಅಲ್ಲಿನ ಬ್ರಾಂದಿಯ ದೊಡ್ಡ ಗಿರಾಕಿಗಳು ಇಂಗ್ಲಿಷರಾಗಿದ್ದರು, ಹಾಗಾಗಿ ದರ್ಜೆಯ ಹೆಸರುಗಳೂ ಇಂಗ್ಲಿಷಿನಲ್ಲೇ ಬಂದವು. ವಿಎಸ್‌ಒಪಿ ಎಂದರೆ ವೆರಿ ಸುಪೀರಿಯರ್ ಓಲ್ಡ್ ಪೇಲ್. 1817ರಲ್ಲಿ ಇಂಗ್ಲೆಂಡಿನ ಯುವರಾಜ, ಮುಂದೆ ನಾಲ್ಕನೆಯ ಜಾರ್ಜ್ ಆದವನು, ಉತ್ಕೃಷ್ಟವಾದ, ಹಳೆಯ, ತಿಳಿಬಣ್ಣದ ಬ್ರಾಂದಿ ಬೇಕೆಂದು ಕೇಳಿದ್ದರಿಂದ ಈ ಹೆಸರು ಬಂತೆಂದು ಹೆನೆಸಿ ಸಂಸ್ಥೆ ಹೇಳಿಕೊಳ್ಳುತ್ತದೆ. ತಿಳಿಬಣ್ಣದ್ದೇ ಬೇಕೆಂದು ಕೇಳಲು ಕಾರಣವಿತ್ತು. ಸುಟ್ಟ ಸಕ್ಕರೆಯ ಬಣ್ಣ ಬೆರೆಸಿ ಹೊಸ ಬ್ರಾಂದಿಯನ್ನು ಹಳೆಯದೆಂದು ಮಾರುವುದು ಆಗಲೂ ನಡೆಯುತ್ತಿತ್ತು. 1865ರಲ್ಲಿ ಹೆನೆಸಿಯವರು ಸೀಸೆಗೆ ನಕ್ಷತ್ರಗಳ ಗುರುತು ಹಾಕಿದರು. 1870ರಲ್ಲಿ ಎಕ್ಸ್‌ಒ, ಅಂದರೆ ಎಕ್ಸ್‌ಟ್ರಾ ಓಲ್ಡ್, ಬಂತು. ಇವೆಲ್ಲ ವ್ಯಾಪಾರಿಗಳು ತಾವೇ ಇಟ್ಟುಕೊಂಡ ಗುರುತುಗಳು. ಅವುಗಳಿಗೆ ಕಾನೂನಿನ ಅಳತೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಇಂದಿನ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. 2020ರ ಶರತ್ಕಾಲದಲ್ಲಿ ದ್ರಾಕ್ಷಿ ಕೊಯ್ದು ಹುಳಿಯಾದ, ಸಪ್ಪೆ ವೈನ್ ಮಾಡುತ್ತಾರೆ. ಅದನ್ನು ತಾಮ್ರದ ಭಟ್ಟಿಯಲ್ಲಿ ಎರಡು ಸಲ ಇಳಿಸಿದಾಗ ಸುಮಾರು 70 ಶೇಕಡಾ ಮದ್ಯಸಾರದ ಬಿಳಿ ದ್ರವ ಬರುತ್ತದೆ. ಈ ಭಟ್ಟಿ ಕೆಲಸ 2021ರ ಮಾರ್ಚ್ 31ರೊಳಗೆ ಮುಗಿಯಲೇಬೇಕು. ವಯಸ್ಸಿನ ಎಣಿಕೆ ಏಪ್ರಿಲ್ 1ರಿಂದ ಆರಂಭ. ಓಕ್ ಮರದ ಪೀಪಾಯಿಯಲ್ಲಿ ಎರಡು ವರ್ಷ ಕಳೆದು 2023ರ ಏಪ್ರಿಲ್‌ಗೆ ಅದು ವಿಎಸ್ ಆಗಬಹುದು, 2025ಕ್ಕೆ ವಿಎಸ್‌ಒಪಿ, 2031ಕ್ಕೆ ಎಕ್ಸ್‌ಒ. ಎಕ್ಸ್‌ಒಗೆ ಮೊದಲು ಆರು ವರ್ಷ ಸಾಕಿತ್ತು, 2018ರ ಏಪ್ರಿಲ್‌ನಿಂದ ಅದನ್ನು ಹತ್ತಕ್ಕೆ ಏರಿಸಿದರು. ಹಾಗಾಗಿ ಹಳೆಯ ದಾಸ್ತಾನಿನ ಎಕ್ಸ್‌ಒ ಇಂದಿನ ಎಕ್ಸ್‌ಒಗಿಂತ ಎಳೆಯದಾಗಿರಬಹುದು. ಒಂದು ಸೀಸೆಯಲ್ಲಿ ಹಲವು ಪೀಪಾಯಿಗಳ ಮಿಶ್ರಣವಿರುತ್ತದೆ, ಅಕ್ಷರ ಹೇಳುವುದು ಅದರಲ್ಲಿ ಅತಿ ಎಳೆಯದರ ವಯಸ್ಸನ್ನು ಮಾತ್ರ. ಹತ್ತು ವರ್ಷದ್ದು ಬೆರೆತಿದ್ದರೂ ಒಂದು ತೊಟ್ಟು ನಾಲ್ಕು ವರ್ಷದ್ದಿದ್ದರೆ ಅದು ವಿಎಸ್‌ಒಪಿಯೇ. ಸೀಸೆಗೆ ತುಂಬಿದ ಮೇಲೆ ವಯಸ್ಸು ನಿಂತುಹೋಗುತ್ತದೆ. ಮನೆಯ ಬೀರುವಿನಲ್ಲಿ ಇಪ್ಪತ್ತು ವರ್ಷ ಇಟ್ಟರೂ ವಿಎಸ್ ವಿಎಸ್ಸಾಗಿಯೇ ಉಳಿಯುತ್ತದೆ.

ಪೀಪಾಯಿಯಲ್ಲಿ ಆ ವರ್ಷಗಳು ಮಾಡುವುದೇನು? ಓಕ್ ಮರ ವೆನಿಲ್ಲಾದಂಥ ಪರಿಮಳವನ್ನೂ ಟ್ಯಾನಿನ್ ಎಂಬ ಒಗರನ್ನೂ ಬಿಡುತ್ತದೆ. ಮರದ ಸೂಕ್ಷ್ಮ ರಂಧ್ರಗಳಿಂದ ಗಾಳಿ ಒಳಬಂದು ಖಾರ ತಗ್ಗುತ್ತದೆ. ಹತ್ತು ವರ್ಷ ದಾಟಿದ ಮೇಲೆ ಕೊಬ್ಬಿನಾಮ್ಲಗಳು ನಿಧಾನಕ್ಕೆ ಮಾರ್ಪಟ್ಟು ಅಕ್ರೋಟು, ಅಣಬೆಗಳ ವಾಸನೆ ಮೂಡುತ್ತದೆ. ಅಲ್ಲಿನವರು ಇದನ್ನು ರಾನ್ಸಿಯೊ ಎನ್ನುತ್ತಾರೆ. ಎಕ್ಸ್‌ಒಗೆ ಹೆಚ್ಚು ಹಣ ಕೊಡುವುದು ಇದಕ್ಕಾಗಿ. ಆದರೆ ಇದೇ ಹೊತ್ತಿಗೆ ಎಳೆಯದರಲ್ಲಿದ್ದ ಹೂವಿನ, ಹಸಿ ಹಣ್ಣಿನ ಕಂಪು ಹೊರಟುಹೋಗಿರುತ್ತದೆ. ಮರದಲ್ಲೇ ಇನ್ನೂ ಬಿಟ್ಟರೆ ಟ್ಯಾನಿನ್ ಮಿಕ್ಕೆಲ್ಲವನ್ನೂ ಮುಚ್ಚಿ, ಹಸಿ ಅಡಿಕೆ ಅಗಿದಂತೆ ನಾಲಿಗೆ ಬಿಗಿದುಕೊಳ್ಳುತ್ತದೆ. ಅದಕ್ಕೇ ಕೋನ್ಯಾಕಿನ ನೆಲಮಾಳಿಗೆಯ ಉಸ್ತುವಾರಿಗಳು ತೀರ ಹಳೆಯದನ್ನು ಪೀಪಾಯಿಯಿಂದ ತೆಗೆದು ದೊಡ್ಡ ಗಾಜಿನ ಬುರುಡೆಗಳಿಗೆ ವರ್ಗಾಯಿಸಿ ಅಲ್ಲಿಗೆ ನಿಲ್ಲಿಸುತ್ತಾರೆ.

ನಮ್ಮ ಹವೆಯಲ್ಲಿ ಈ ಗಡಿ ಬಹಳ ಬೇಗ ಬರುತ್ತದೆ. ಪೀಪಾಯಿಯಿಂದ ಆವಿಯಾಗಿ ಹೋಗುವ ಅಂಶವನ್ನು ಮದ್ಯ ತಯಾರಕರು ದೇವತೆಗಳ ಪಾಲು ಎನ್ನುತ್ತಾರೆ. ತಂಪಾದ ಕೋನ್ಯಾಕಿನಲ್ಲಿ ಅದು ವರ್ಷಕ್ಕೆ ಸುಮಾರು 2 ಶೇಕಡಾ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ವಿಸ್ಕಿ ಪೀಪಾಯಿಗಳಲ್ಲಿ ಅದು 10 ಶೇಕಡಾಕ್ಕೂ ಹೆಚ್ಚು. 350 ಲೀಟರಿನ ಪೀಪಾಯಿಯೊಂದನ್ನು ಹತ್ತು ವರ್ಷ ಇಟ್ಟರೆ ಕೋನ್ಯಾಕಿನಲ್ಲಿ ಸುಮಾರು 286 ಲೀಟರ್ ಉಳಿಯುತ್ತದೆ. ವರ್ಷಕ್ಕೆ 10 ಶೇಕಡಾ ಎಂದರೂ ನಮ್ಮಲ್ಲಿ ಉಳಿಯುವುದು 122 ಲೀಟರ್. ಬಿಸಿಯಲ್ಲಿ ಮರ ತನ್ನ ಒಗರನ್ನು ಬಿಡುವುದೂ ವೇಗವಾಗಿ. ಹಾಗಾಗಿಯೇ ಅಮೃತ್‌ನವರ ಎಂಟು ವರ್ಷದ ವಿಸ್ಕಿಗೆ ದುರಾಸೆಯ ದೇವತೆಗಳು ಎಂಬರ್ಥದ ಹೆಸರು ಬಂತು, ಎಂಟು ವರ್ಷವೇ ಇಲ್ಲಿ ದೊಡ್ಡ ವಯಸ್ಸು. ಜೋಯಿಡಾದಂಥ ಮಳೆನಾಡಿನಲ್ಲಿ ಉಗ್ರಾಣ ಕಟ್ಟಿದರೆ ಇನ್ನೊಂದು ವ್ಯತ್ಯಾಸ ಸೇರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ನೀರಿಗಿಂತ ಮದ್ಯಸಾರವೇ ಹೆಚ್ಚು ಹಾರಿ, ದ್ರವದ ತೀವ್ರತೆ ಇಳಿಯುತ್ತದೆ. ಒಣ ಗಾಳಿಯಲ್ಲಿ ನೀರು ಮೊದಲು ಹೋಗುತ್ತದೆ. ಇದರಿಂದ ಕೋನ್ಯಾಕಿನ ಹತ್ತು ವರ್ಷಕ್ಕೂ ನಮ್ಮ ಹತ್ತು ವರ್ಷಕ್ಕೂ ಒಂದೇ ಅಳತೆಗೋಲು ಹಿಡಿಯುವುದು ತಪ್ಪೆಂದೇ ನನ್ನ ಅಭಿಪ್ರಾಯ.

ಇದಕ್ಕಿಂತ ಮುಖ್ಯವಾದದ್ದು ಪೀಪಾಯಿಗೆ ಹೋಗುವ ಸರಕು. ಹಳಿಯಾಳ, ಮುಂಡಗೋಡ ಭಾಗದ ಕಬ್ಬು ಹಳಿಯಾಳದ ಸಕ್ಕರೆ ಕಾರ್ಖಾನೆಗೆ ಹೋಗುತ್ತದೆ, ಅಲ್ಲಿ ಮದ್ಯಸಾರದ ಘಟಕವೂ ಇದೆ. ಸಕ್ಕರೆಯ ಬಳಿಕ ಉಳಿಯುವ ಕಾಕಂಬಿಯನ್ನು ಹುದುಗಿಸಿ, ಎತ್ತರದ ಕೊಳವೆ ಭಟ್ಟಿಯಲ್ಲಿ ಇಳಿಸಿ ತೆಗೆಯುವ ಶುದ್ಧ ಮದ್ಯಸಾರ ಸುಮಾರು 96 ಶೇಕಡಾ ಇರುತ್ತದೆ, ಅದರಲ್ಲಿ ಮೂಲ ವಸ್ತುವಿನ ಕಂಪು ಉಳಿದಿರುವುದಿಲ್ಲ. ನಮ್ಮ ದೇಶದಲ್ಲಿ ಬ್ರಾಂದಿ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಇಂಥ ಮದ್ಯಸಾರಕ್ಕೆ ಸ್ವಲ್ಪ ದ್ರಾಕ್ಷಿ ಬ್ರಾಂದಿ, ಬಣ್ಣ, ಸುವಾಸನೆ ಸೇರಿಸಿದ್ದು. ರಾಡಿಕೋ ಖೇತಾನ್‌ನ ಮಾರ್ಫಿಯಸ್ ಸೀಸೆಯ ಮೇಲೂ ಎಕ್ಸ್‌ಒ ಎಂದಿದೆ, ಓಲ್ಡ್ ಅಡ್ಮಿರಲ್ ಮೇಲೂ ವಿಎಸ್‌ಒಪಿ ಎಂದಿದೆ. ಕೋನ್ಯಾಕ್ ಎಂಬ ಹೆಸರಿಗೆ ಭಾರತದಲ್ಲೂ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. ಆದರೆ ಏಪ್ರಿಲ್ 1ರಿಂದ ಎಣಿಸುವ ಕೋನ್ಯಾಕಿನ ನಿಯಮ ಕೋನ್ಯಾಕಿಗೆ ಮಾತ್ರ. ಇಲ್ಲಿನ ಸೀಸೆಯ ಮೇಲಿನ ಎಕ್ಸ್‌ಒ ಕಂಡು ಅದನ್ನು ಹತ್ತು ವರ್ಷದ ದ್ರಾಕ್ಷಿ ಬ್ರಾಂದಿ ಎಂದುಕೊಳ್ಳಬಾರದು.

ಬಣ್ಣ ನೋಡಿ ವಯಸ್ಸು ಹೇಳಲಾಗದು, ಸುಟ್ಟ ಸಕ್ಕರೆಯ ಬಣ್ಣ ಸೇರಿಸಲು ಕೋನ್ಯಾಕಿನಲ್ಲೂ ಅನುಮತಿಯಿದೆ. ಮೂಗು ಹೆಚ್ಚು ನಂಬಿಕಸ್ಥ. ಬಾಯಿ ಕಿರಿದಾದ ಲೋಟದಲ್ಲಿ ಸ್ವಲ್ಪ ಸುರಿದು, ಲೋಟವನ್ನು ಮುಖದಿಂದ ದೂರದಲ್ಲಿಯೇ ಹಿಡಿದು ಮೂಸಬೇಕು. ದ್ರಾಕ್ಷಿ, ಪೇರಲ, ಹೂವಿನ ನೆನಪಾದರೆ ಅದು ಎಳೆಯದು. ಒಣಹಣ್ಣು, ಚರ್ಮ, ಅಕ್ರೋಟು ತೋರಿದರೆ ಹಳೆಯದು. ಬರೀ ವೆನಿಲ್ಲಾ, ಕ್ಯಾರಮೆಲ್ ಮೂಗಿಗೆ ರಾಚಿದರೆ ಸುವಾಸನೆ ಸೇರಿಸಿರಬಹುದೆಂದು ಅನುಮಾನಿಸಬೇಕು. ಒಂದೆರಡು ಹನಿ ಅಂಗೈಗೆ ಹಾಕಿ ಉಜ್ಜಿ, ಮದ್ಯಸಾರ ಆರಿದ ಮೇಲೆ ಕೈ ಅಂಟಂಟಾದರೆ ಸಕ್ಕರೆ ಇದೆ ಎಂದೇ ಲೆಕ್ಕ.

ಸೋಡಾ, ನೀರು, ಮಂಜುಗಡ್ಡೆ ಬೆರೆಸಿ ಕುಡಿಯುವವರಿಗೆ ಎಕ್ಸ್‌ಒ ದಂಡದ ಖರ್ಚು. ಅದರ ಸೂಕ್ಷ್ಮ ಕಂಪು ಮೊದಲ ತುಂಡು ಮಂಜುಗಡ್ಡೆಗೇ ಅಡಗಿಬಿಡುತ್ತದೆ, ಆ ಕೆಲಸಕ್ಕೆ ಒಳ್ಳೆಯ ವಿಎಸ್‌ಒಪಿಯೇ ರುಚಿ. ಏನೂ ಬೆರೆಸದೆ ನಿಧಾನವಾಗಿ ಸವಿಯುವವರಿಗೆ ಮಾತ್ರ ಹತ್ತು ವರ್ಷದ ಬೆಲೆ ಸಲ್ಲುತ್ತದೆ. ಕೊಳ್ಳುವ ಮುನ್ನ ಮುಂಭಾಗದ ಅಕ್ಷರ ಬಿಟ್ಟು ಹಿಂಭಾಗದ ಚೀಟಿ ಓದಿ: ದ್ರಾಕ್ಷಿಯದೇ ಬ್ರಾಂದಿಯೇ, ಮಿಶ್ರಣವೇ, ವರ್ಷದ ಅಂಕೆ ಬರೆದಿದೆಯೇ ಎಂದು ನೋಡಿ. ಅಂಕೆಯಿಲ್ಲದ ಎಕ್ಸ್‌ಒಗಿಂತ ಅಂಕೆಯಿರುವ ನಾಲ್ಕು ವರ್ಷದ ದ್ರಾಕ್ಷಿ ಬ್ರಾಂದಿಗೆ ಹಣ ಕೊಡುವುದು ಮೇಲು.