ಡೇಟಾಬೇಸ್‌ನಲ್ಲಿ ಸಮಯದ ದಾಖಲೆ: ಯುಟಿಸಿ ಮತ್ತು ಸ್ಥಳೀಯ ಕಾಲ

ನಡೆದುಹೋದ ಘಟನೆಯ ಸಮಯವನ್ನು ಡೇಟಾಬೇಸ್‌ನಲ್ಲಿ ಯುಟಿಸಿಯಲ್ಲಿ ಬರೆದಿಡುವುದು ವಾಡಿಕೆ. ಇಂದಿರಾನಗರದಲ್ಲಿ ರಾತ್ರಿ 8ಕ್ಕೆ ಆದ ಹಣಪಾವತಿ ಯುಟಿಸಿಯಲ್ಲಿ ಮಧ್ಯಾಹ್ನ 2:30. ಅದನ್ನು ಯಾವ ಊರಿನ ಗಡಿಯಾರಕ್ಕಾದರೂ ಹೊಂದಿಸಿ ತೋರಿಸಬಹುದು.

ಮುಂದೆ ನಡೆಯಬೇಕಾದದ್ದರ ಕಥೆಯೇ ಬೇರೆ. ಬೆಂಗಳೂರಿನ ತಂಡವೊಂದಕ್ಕೆ ಪ್ರತಿ ಮಂಗಳವಾರ ನ್ಯೂಯಾರ್ಕ್ ಕಾಲಮಾನ ಬೆಳಗ್ಗೆ 9ಕ್ಕೆ ಸಭೆಯಿದೆ ಎನ್ನಿ. 2026ರ ಜನವರಿಯಲ್ಲಿ ಅದು ಯುಟಿಸಿ 14:00, ಇಲ್ಲಿ ಸಂಜೆ 7:30. ಈ 14:00 ಅನ್ನೇ ಉಳಿಸಿ ವಾರವಾರ ಪುನರಾವರ್ತಿಸಿದರೆ ಮಾರ್ಚ್ 10ರಂದು ಎಡವಟ್ಟು: ಮಾರ್ಚ್ 8ಕ್ಕೆ ಅಮೆರಿಕದ ಗಡಿಯಾರ ಒಂದು ಗಂಟೆ ಮುಂದೆ ಸರಿದಿರುತ್ತದೆ. ಅಲ್ಲಿನವರು ಸೇರುವುದು ನಮ್ಮ 6:30ಕ್ಕೆ, ಇಲ್ಲಿನವರು 7:30ಕ್ಕೆ. ವರ್ಷವಿಡೀ +5:30 ಬದಲಾಗದ ಭಾರತದಲ್ಲಿ ಪರೀಕ್ಷಿಸುವವರ ಕಣ್ಣಿಗೆ ಈ ದೋಷ ಬೀಳುವುದೇ ಇಲ್ಲ.

ಆದ್ದರಿಂದ ಇಂಥಲ್ಲಿ ಸ್ಥಳೀಯ ಗಂಟೆ `09:00` ಮತ್ತು ವಲಯದ ಹೆಸರು `America/New_York` ಎರಡನ್ನೂ ಇಡಬೇಕು. `-05:00` ಎಂಬ ಅಂತರವಷ್ಟೇ ಸಾಲದು, ಅದು ಚಳಿಗಾಲದ್ದು ಮಾತ್ರ. ಯುಟಿಸಿ ಸಮಯವನ್ನು ಪ್ರತಿ ಸಭೆಗೂ ಇವುಗಳಿಂದಲೇ ಲೆಕ್ಕ ಹಾಕಬೇಕು. ಸರ್ಕಾರ ನಿಯಮ ಬದಲಿಸಿದರೆ ಮತ್ತೆ ಹಾಕಬೇಕು.

ಪೋಸ್ಟ್‌ಗ್ರೆಸ್‌ನ `timestamptz` ಹೆಸರು ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಸಮಯವನ್ನು ಯುಟಿಸಿಗೆ ಬದಲಿಸಿಕೊಂಡು ಮೂಲ ವಲಯವನ್ನು ಕೈಬಿಡುತ್ತದೆ. ವಲಯ ಬೇಕಿದ್ದರೆ ಅದಕ್ಕೆ ಪ್ರತ್ಯೇಕ ಕಾಲಂ ಬೇಕು.