ಅಂಗಡಿ ಬಾಡಿಗೆಯಲ್ಲಿ ನಡೆದ ಆಸ್ಪತ್ರೆ

ಒಮ್ಮೆ ಒಂಬತ್ತನೆಯ ತರಗತಿಗೆ ಕೈರೋ ನಗರದ ಹಳೆಯ ಆಸ್ಪತ್ರೆಯೊಂದರ ಕಥೆ ಹೇಳುತ್ತಿದ್ದೆ. ಬಡವ ಬಲ್ಲಿದ, ಗಂಡು ಹೆಣ್ಣು, ಊರವರು ಪರಸ್ಥಳದವರು ಎನ್ನದೆ ಎಲ್ಲರಿಗೂ ಅಲ್ಲಿ ಔಷಧಿ, ಹಾಸಿಗೆ, ಊಟ ಉಚಿತ ಎಂದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಅಷ್ಟು ದುಡ್ಡು ಯಾರು ಕೊಡ್ತಿದ್ರು ಟೀಚರ್?” ಎಂದಳು. “ರಾಜ ಕೊಡ್ತಿದ್ದ” ಎಂದುಬಿಟ್ಟೆ. ಮನೆಗೆ ಬಂದು ಓದಿದಾಗ, ನನ್ನ ಉತ್ತರ ಅರ್ಧ ಮಾತ್ರ ಸರಿ ಎಂದು ತಿಳಿಯಿತು.

ಸುಲ್ತಾನ್ ಕಲಾವೂನ್ ಈ ಆಸ್ಪತ್ರೆಯನ್ನು 1284-85ರಲ್ಲಿ ಕಟ್ಟಿಸಿದ. ಸುಲ್ತಾನನಾಗುವ ಮೊದಲು ದಮಾಸ್ಕಸ್ಸಿನಲ್ಲಿ ಕಾಯಿಲೆ ಬಿದ್ದಾಗ ಅಲ್ಲಿನ ಆಸ್ಪತ್ರೆಯ ಔಷಧಿಯಿಂದ ಗುಣವಾಗಿ, ತಾನೂ ಒಂದನ್ನು ಕಟ್ಟಿಸುವೆನೆಂದು ಹರಕೆ ಹೊತ್ತಿದ್ದನಂತೆ. ಆದರೆ ಅವನು ವರ್ಷವರ್ಷವೂ ಬೊಕ್ಕಸದಿಂದ ಹಣ ಕೊಡಲಿಲ್ಲ. ಅಂಗಡಿಸಾಲು, ಸ್ನಾನಗೃಹ, ವರ್ತಕರ ಛತ್ರಗಳನ್ನು ವಕ್ಫ್ ಮಾಡಿಬಿಟ್ಟ. ಎಂದರೆ, ಆ ಆಸ್ತಿಯನ್ನು ಇನ್ನು ಯಾರೂ ಮಾರುವಂತಿಲ್ಲ, ಮಕ್ಕಳು ಪಾಲು ಕೇಳುವಂತಿಲ್ಲ. ಬಾಡಿಗೆ ಮಾತ್ರ ದತ್ತಿಪತ್ರದಲ್ಲಿ ಬರೆದ ಕೆಲಸಕ್ಕೆ ಸಲ್ಲಬೇಕು. ವರಮಾನ ವರ್ಷಕ್ಕೆ ಸುಮಾರು ಹತ್ತು ಲಕ್ಷ ದಿರ್ಹಂ ಎಂದು ಇತಿಹಾಸಕಾರ ಮಕ್ರೀಜಿ ಬರೆದಿದ್ದಾನೆ. ವೈದ್ಯರ ಸಂಬಳ, ಬೇಸಿಗೆಯಲ್ಲಿ ರೋಗಿಗಳಿಗೆ ಬೀಸಣಿಗೆ, ಪಕ್ಕದ ಮದರಸಾ, ಅನಾಥ ಮಕ್ಕಳ ಪಾಠಶಾಲೆ, ಗೋರಿಮಂಟಪದ ಪುಸ್ತಕ ಭಂಡಾರ, ಎಲ್ಲಕ್ಕೂ ಇಂಥ ದತ್ತಿಯೇ ಆಧಾರ.

ಬಾಡಿಗೆ ಬಂದೊಡನೆ ಮೊದಲ ಖರ್ಚು ರೋಗಿಯದಲ್ಲ, ಅಂಗಡಿಯ ಸೂರಿನದು. ದತ್ತಿಯ ಆಸ್ತಿಯ ರಿಪೇರಿ ಮುಗಿದ ಮೇಲೆಯೇ ಉಳಿದದ್ದು ಎಂಬುದು ವಕ್ಫ್‌ನ ನಿಯಮ. ಸೂರು ಬಿದ್ದರೆ ಬಾಡಿಗೆಯೂ ಇಲ್ಲ, ಆಸ್ಪತ್ರೆಯೂ ಇಲ್ಲ. ಮನೆ ನಡೆಸುವ ನಮಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಕೆಡುವುದೂ ಇಲ್ಲಿಂದಲೇ. ಕಟ್ಟಡ ಪೂರ್ತಿ ಹಾಳಾಗಿದ್ದರೆ ನ್ಯಾಯಾಧೀಶ ಬದಲಿ ಆಸ್ತಿಗೆ ಒಪ್ಪಿಗೆ ಕೊಡಬಹುದಿತ್ತು. ಸದುದ್ದೇಶದ ಈ ಕಿಂಡಿಯಲ್ಲೇ ಕಳ್ಳರು ನುಗ್ಗಿದರು. 1400ರ ಆಚೀಚೆ ಜಮಾಲುದ್ದೀನ್ ಎಂಬ ಅಧಿಕಾರಿ ಕೈರೋದ ಯಾವುದಾದರೂ ವಕ್ಫ್ ಕಟ್ಟಡದ ಮೇಲೆ ಕಣ್ಣು ಹಾಕಿದರೆ, ಅದು ಬೀಳುವಂತಿದೆ, ನೆರೆಯವರಿಗೂ ದಾರಿಹೋಕರಿಗೂ ಅಪಾಯ ಎಂದು ಇಬ್ಬರು ಸಾಕ್ಷಿ ಹೇಳುತ್ತಿದ್ದರು, ನ್ಯಾಯಾಧೀಶ ಒಪ್ಪಿಬಿಡುತ್ತಿದ್ದ. ಗಟ್ಟಿ ಕಟ್ಟಡಗಳೂ ಹೀಗೆ ಕೈ ತಪ್ಪಿದವೆಂದು ಮಕ್ರೀಜಿ ನೊಂದು ಬರೆದಿದ್ದಾನೆ.

ಕಲಾವೂನನ ಆಸ್ಪತ್ರೆಯ ಹುಟ್ಟೂ ನಿಷ್ಕಳಂಕವಲ್ಲ. ಆ ನಿವೇಶನದಲ್ಲಿ ಐಯೂಬಿ ರಾಜಕುಮಾರಿ ಮುನಿಸಾ ಖಾತೂನಳ ಅರಮನೆಯಿತ್ತು. ಬೇರೆ ಅರಮನೆಯನ್ನು ಬದಲಿಗೆ ಕೊಟ್ಟು, ಅಲ್ಲಿದ್ದವರನ್ನು ಒತ್ತಾಯದಿಂದ ಎಬ್ಬಿಸಿದರು. ದಾರಿಯಲ್ಲಿ ಹೋಗುವವರನ್ನು ಹಿಡಿದು ಕಲ್ಲು ಹೊರಿಸಿದರು. ಇಂಥ ಕಟ್ಟಡದಲ್ಲಿ ನಮಾಜು ಸಲ್ಲುವುದೇ ಎಂದು ಅಂದಿನ ಧರ್ಮನಿಷ್ಠರೇ ಅನುಮಾನಪಟ್ಟರು.

ಮಾರನೆಯ ದಿನ ಆ ಹುಡುಗಿಯನ್ನು ಕರೆದು, “ನಿನ್ನೆ ತಪ್ಪು ಹೇಳಿದೆನಮ್ಮ. ರಾಜ ಕೊಟ್ಟದ್ದು ಅಂಗಡಿ, ಅಷ್ಟೇ. ರೋಗಿಗೆ ಅನ್ನ ಹಾಕಿದ್ದು ಆ ಅಂಗಡಿಯ ಬಾಡಿಗೆ” ಎಂದೆ. ಅವಳು ತುಸು ಯೋಚಿಸಿ, “ಹಾಗಾದ್ರೆ ಬಾಡಿಗೆ ಲೆಕ್ಕ ಯಾರು ನೋಡ್ತಿದ್ರು ಟೀಚರ್?” ಎಂದಳು. ಆ ದಿನದ ಪಾಠವನ್ನು ಅಲ್ಲಿಂದಲೇ ಶುರುಮಾಡಿದೆ.